ಬುಧವಾರದ ಪೇಔಟ್ ಬರಲಿಲ್ಲ, ಕಾರಣ ಹಳೇ ಪಾಸ್‌ಬುಕ್

ಉಡುಪಿಯಲ್ಲಿ ಡೆಲಿವರಿ ಹುಡುಗರ ಲೆಕ್ಕ ನೋಡುವುದು ನನ್ನ ಕೆಲಸ. ಸೋಮವಾರದಿಂದ ಭಾನುವಾರದವರೆಗಿನ ದುಡಿಮೆ ನಮ್ಮಲ್ಲಿ ಬುಧವಾರ ಖಾತೆಗೆ ಬೀಳುತ್ತದೆ. ಕಳೆದ ತಿಂಗಳು ಹೊಸಬನೊಬ್ಬನಿಗೆ ಬರಲಿಲ್ಲ. "ಅಣ್ಣ, ಬ್ಯಾಂಕಿಗೆ ರಜೆಯಾ?" ಎಂದು ಕೇಳಿದ. ರಜೆ ಕಾರಣವಲ್ಲ. ನೆಫ್ಟ್ 2019ರ ಡಿಸೆಂಬರಿನಿಂದ ರಜಾದಿನವೂ ನಡೆಯುತ್ತದೆ.

ಆ್ಯಪ್‌ನಲ್ಲಿ `Returned` ಎಂದಿತ್ತು. `Processing` ಇದ್ದಿದ್ದರೆ ಸುಮ್ನೆ ಕಾಯಬಹುದಿತ್ತು. ಇದು ಹೋಗಿ ವಾಪಸ್ ಬಂದ ಹಣ. ಖಾತೆ ನಂಬರ್ ಸರಿಯಿತ್ತು, ಆದರೆ ಐಎಫ್‌ಎಸ್‌ಸಿ ಶುರುವಾಗಿದ್ದು `SYNB` ಎಂದು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ ಸೇರಿತಲ್ವಾ, ಆ ಹಳೇ ಕೋಡ್‌ಗಳು 2021ರ ಜುಲೈಯಿಂದ ನಡೆಯುವುದಿಲ್ಲ. ನಮ್ಮ ಕಡೆಯ ಕಪಾಟುಗಳಲ್ಲಿ ಇಂಥ ಪಾಸ್‌ಬುಕ್ ಇನ್ನೂ ಜಾಸ್ತಿ.

ಶಾಖೆಗೆ ಹೋಗಿ ಹೊಸ `CNRB` ಕೋಡ್ ಬರೆಸಿಕೊಂಡು ಬಂದ, ತಿದ್ದಿದೆವು. ಒಂದು ರೂಪಾಯಿ ಹಾಕಿ ಹೆಸರು ತಾಳೆ ನೋಡುವ ಕೆಲಸ ಶುಕ್ರವಾರ ಮುಗಿಯಿತು. ವಾಪಸಾದ ಹಣ ಕೂಡಲೇ ಮತ್ತೆ ಹೋಗುವುದಿಲ್ಲ, ಮುಂದಿನ ಬುಧವಾರದ್ದರ ಜೊತೆ ಸೇರುತ್ತದೆ ಎಂದು ಅವನಿಗೆ ಆಗಲೇ ಹೇಳಿದ್ದೆ. ಹಳೇ 3,860, ಹೊಸ 4,120, ಒಟ್ಟು 7,980 ರೂಪಾಯಿ ಆ ಬುಧವಾರ ಮಧ್ಯಾಹ್ನ ಬಂತು.