ಮಾಸ್ತರ್ರಿಗೆ ನಾಲ್ಕು ನಿಮಿಷದ ನುಡಿನಮನ: ನಾನು ಬರೆದ ಬಗೆ

ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಅಲ್ಲಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷ ಕಲಿಸಿ ನಿವೃತ್ತರಾಗಿದ್ದ ಮಾಸ್ತರ್ರ ಶ್ರದ್ಧಾಂಜಲಿ ಸಭೆ. ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡುವ ಪಾಳಿ ನನ್ನದು. ಮಾತಾಡುವವರ ಪಟ್ಟಿಯಲ್ಲಿ ಒಂಬತ್ತು ಹೆಸರಿದ್ದವು. ತಲಾ ಹತ್ತು ನಿಮಿಷ ಹಿಡಿದರೂ ಒಂದೂವರೆ ತಾಸು ಆಗುತ್ತದೆ. ಅಷ್ಟು ಹೊತ್ತು ಮನೆಯವರು ಶಾಮಿಯಾನದ ಮುಂದಿನ ಸಾಲಿನಲ್ಲಿ, ಎಲ್ಲರ ಕಣ್ಣೆದುರು, ದುಃಖ ತಡೆದುಕೊಂಡು ಕೂರಬೇಕು. ಅದಕ್ಕೇ ನನ್ನ ಮಾತಿಗೆ ನಾಲ್ಕು ನಿಮಿಷ ಎಂದು ಮೊದಲೇ ಗೆರೆ ಹಾಕಿಕೊಂಡೆ.

ನಾಲ್ಕು ನಿಮಿಷ ಕಾಗದದ ಮೇಲೆ ಎಷ್ಟಾಗುತ್ತದೆ ಎಂಬುದನ್ನು ಬರೆಯುವ ಮೊದಲೇ ತಿಳಿದಿರಬೇಕು. ಬಯಲಿನಲ್ಲಿ ಮೈಕಿನ ದನಿ ಶಾಲೆಯ ಗೋಡೆಗೆ ಬಡಿದು ವಾಪಸ್ ಬರುತ್ತದೆ. ವಾಕ್ಯ ಮುಗಿದ ಮೇಲೆ ಒಂದು ಉಸಿರು ನಿಲ್ಲದಿದ್ದರೆ ಮುಂದಿನ ಮಾತು ಹಿಂದಿನದರ ಮೇಲೆ ಬಿದ್ದು ಎರಡೂ ಕೇಳಿಸುವುದಿಲ್ಲ. ಹಾಗೆ ನಿಂತು ನಿಂತು ಓದಿದಾಗ ನನಗೆ ನಿಮಿಷಕ್ಕೆ 75ರಿಂದ 80 ಪದ ಬಂದವು. ಅಂದರೆ ಒಟ್ಟು 300 ಪದ, ಗೆರೆ ಹಾಕಿದ ವಹಿಯಲ್ಲಿ ಎರಡು ಪುಟದೊಳಗೆ. ಮನೆಯಲ್ಲಿ ಕೂತು ಓದಿದಾಗ ಮೂರೇ ನಿಮಿಷಕ್ಕೆ ಮುಗಿಯಿತೆಂದು ಮತ್ತೊಂದು ಪ್ರಸಂಗ ಸೇರಿಸಲು ಹೋಗಬಾರದು. ಮೈಕಿನ ಮುಂದೆ ಆ ಉಳಿದ ನಿಮಿಷ ತಾನಾಗಿ ಖರ್ಚಾಗುತ್ತದೆ.

ನಮ್ಮ ಕಡೆ ಸಮಯ ನುಂಗುವುದು ಹೆಚ್ಚಾಗಿ ಆರಂಭ. ವೇದಿಕೆಯ ಮೇಲೆ ಕೂತವರ ಹೆಸರು, ಹುದ್ದೆ, ಊರು ಒಂದೊಂದಾಗಿ ಹೇಳುತ್ತ ಹೋದರೆ ಒಂದು ನಿಮಿಷ ಹೋಗುತ್ತದೆ. ಒಬ್ಬರ ಹೆಸರು ಬಿಟ್ಟುಹೋದರೆ ಅದೇ ಮಾತಾಗಿ ಉಳಿಯುತ್ತದೆ. ನಿರೂಪಕರು ಆ ಹೆಸರುಗಳನ್ನು ಹೇಗೂ ಹೇಳಿರುತ್ತಾರೆ. ನಾನು ಬರೆದುಕೊಂಡದ್ದು ಇಷ್ಟೇ: “ಮಾಸ್ತರ್ರ ಮನೆಯವರಿಗೆ, ಅವರ ಜೊತೆ ಕೆಲಸ ಮಾಡಿದ ಗುರುಗಳಿಗೆ, ಊರ ಹಿರಿಯರಿಗೆ ನಮಸ್ಕಾರ.” ಮನೆಯವರನ್ನು ಮೊದಲು ಕರೆದದ್ದಕ್ಕೆ ಯಾವ ಹಿರಿಯರೂ ತಪ್ಪು ತಿಳಿಯಲಿಲ್ಲ.

ನಿಜವಾದ ಕೆಲಸ ಇದ್ದದ್ದು ಬರೆಯುವ ಮೊದಲು. ಬೇರೆ ಬೇರೆ ಕಾಲದಲ್ಲಿ ಕಲಿತ ಆರು ಮಂದಿಗೆ ಫೋನ್ ಮಾಡಿದೆ. “ಮಾಸ್ತರ್ ಹೆಂಗಿದ್ರು?” ಎಂದು ಕೇಳಿದರೆ ಉತ್ತರ ಒಂದೇ: “ದೇವರಂಥಾ ಮನಷ್ಯಾ.” ಅದು ಪ್ರೀತಿಯಿಂದ ಬಂದ ಮಾತು, ಆದರೆ ಅದರಿಂದ ಒಂದು ವಾಕ್ಯವನ್ನೂ ಕಟ್ಟಲಾಗುವುದಿಲ್ಲ, ಯಾಕೆಂದರೆ ಉಳಿದ ಎಂಟು ಭಾಷಣಗಳಲ್ಲೂ ಅದೇ ಬರುತ್ತದೆ. ಆದ್ದರಿಂದ ಪ್ರಶ್ನೆ ಬದಲಿಸಿ ಮೂರು ಕೇಳಿದೆ. ಮಾಸ್ತರ್ರ ಕೈಯಲ್ಲಿ ಯಾವಾಗಲೂ ಏನಿರುತ್ತಿತ್ತು? ಯಾವ ಮಾತನ್ನು ಪದೇ ಪದೇ ಅನ್ನುತ್ತಿದ್ದರು? ಶಾಲೆ ಬಿಟ್ಟ ಮೇಲೆ ಅವರನ್ನು ಎಲ್ಲಿ ನೋಡಿದಿರಿ?

ಮೂರನೆಯ ಪ್ರಶ್ನೆಗೆ ಆರರಲ್ಲಿ ನಾಲ್ವರು ಒಂದೇ ಜಾಗ ಹೇಳಿದರು: ನಮ್ಮ ಮನೆ ಕಟ್ಟೆಯ ಮೇಲೆ, ಗುಳೆ ಹೋಗುವ ಮುಂಚಿನ ದಿನಗಳಲ್ಲಿ. ಈ ಒಣ ಸೀಮೆಯಲ್ಲಿ ಬೆಳೆ ಕೈಕೊಟ್ಟ ವರ್ಷ ದುಡಿಯಲು ಬೆಂಗಳೂರು, ಮಂಗಳೂರು ಕಡೆ ಹೋಗುವ ಸಂಸಾರಗಳು ಮಕ್ಕಳನ್ನೂ ಗಂಟುಮೂಟೆಯ ಜೊತೆ ಕರೆದುಕೊಂಡು ಹೋಗುತ್ತವೆ. ಮಾಸ್ತರ್ರು ಸಂಜೆ ಹೊತ್ತು ಆ ಮನೆಗಳಿಗೆ ಹೋಗಿ ಕೂತು, “ಹುಡುಗನ್ನ ಮುದುಕಿ ಹತ್ರ ಬಿಟ್ಟು ಹೋಗ್ರಿ, ನಾ ನೋಡ್ಕೋತೀನಿ” ಅನ್ನುತ್ತಿದ್ದರಂತೆ. ಯಾವ ಮನೆ ಹೊರಟಿದೆ, ಮಗು ಯಾರ ಹತ್ತಿರ ಉಳಿದಿದೆ ಎಂದು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಮೊದಲ ಪ್ರಶ್ನೆಗೂ ಉತ್ತರ ಅದೇ ವಹಿ. ಎರಡು ಪ್ರಶ್ನೆಗೆ ಒಂದೇ ವಸ್ತು ಸಿಕ್ಕ ಮೇಲೆ ಭಾಷಣಕ್ಕೆ ಬೇರೆ ಎಳೆ ಹುಡುಕಲಿಲ್ಲ.

ಆದರೆ ನೆನಪು ಎಂಬುದು ದಾಖಲೆಯಲ್ಲ. ಒಬ್ಬರು, “ಗುಳೆ ಹೋದ ಹುಡುಗರ ಹೆಸರು ಮಾಸ್ತರ್ ಎಂದೂ ಹಾಜರಿಯಿಂದ ತೆಗೀಲಿಲ್ಲ” ಎಂದರು. ಕೇಳಲು ಮನ ಕರಗುವ ಮಾತು. ಸಭೆಯಲ್ಲಿ ಹೇಳಿದರೆ ಮಾಸ್ತರ್ರ ಹೆಸರಿಗೇ ಕುಂದು. 1995ರಲ್ಲಿ ಕೇಂದ್ರದ ಆಹಾರ ಯೋಜನೆ ಬಂದ ಮೇಲೆ ಕೆಲವು ವರ್ಷ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುವುದಿತ್ತು, ಅದಕ್ಕೆ ನೂರಕ್ಕೆ 80 ಹಾಜರಿ ಬೇಕಿತ್ತು. ಆ ಕಾಲದ ಹಾಜರಿಯ ಬಗ್ಗೆ ಸಡಿಲವಾಗಿ ಒಂದು ಮಾತು ಬಿಟ್ಟರೆ, ಇಲ್ಲದ ಮಕ್ಕಳಿಗೆ ಹಾಜರಿ ಹಾಕಿದರು ಎಂಬ ಅರ್ಥ ಹುಟ್ಟುತ್ತದೆ. ಅದಕ್ಕೆ ಉತ್ತರ ಕೊಡಲು ಮಾಸ್ತರ್ರು ಈಗ ಇಲ್ಲ. ಅವರ ಜೊತೆ ಕೆಲಸ ಮಾಡಿದ ಹಿರಿಯ ಗುರುಗಳನ್ನು ಕೇಳಿದಾಗ ತಿಳಿದದ್ದು: ಹಾಜರಿ ಪುಸ್ತಕದಲ್ಲಿ ಗೈರು ಎಂದೇ ಬೀಳುತ್ತಿತ್ತು; ಹೆಸರು ಉಳಿಯುತ್ತಿದ್ದದ್ದು ಅವರ ಸ್ವಂತ ವಹಿಯಲ್ಲಿ. ಭಾಷಣದಲ್ಲಿ “ಹಾಜರಿ” ಎಂಬ ಶಬ್ದವನ್ನೇ ತೆಗೆದು “ತಮ್ಮ ವಹಿ” ಎಂದು ಬರೆದೆ.

ಇನ್ನೆರಡು ತಪ್ಪುಗಳು ಹೀಗೇ ಸಿಕ್ಕವು. 1998ರಲ್ಲಿ ಏಳನೆಯ ಇಯತ್ತೆ ಓದಿದವರೊಬ್ಬರು ಮಾಸ್ತರ್ರು ಬಿಸಿಯೂಟಕ್ಕೆ ತಮ್ಮ ಜೊತೆಯೇ ಕೂರುತ್ತಿದ್ದರು ಎಂದರು. ನಮ್ಮ ಭಾಗದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾದದ್ದೇ 2002ರಲ್ಲಿ. ಕೂತದ್ದು ನಿಜವಿರಬೇಕು, ಆದರೆ ಬುತ್ತಿ ಬಿಚ್ಚುವ ಹೊತ್ತಿಗೆ. ಹಾಗೆಯೇ ಸ್ಮರಣ ಪತ್ರಿಕೆಯ ಕರಡಿನಲ್ಲಿ ಮಾಸ್ತರ್ರು ಎಂಬತ್ತರ ದಶಕದಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಸೇವೆಗೆ ಸೇರಿದರು ಎಂದಿತ್ತು. ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ಕೇಳುವವರಲ್ಲಿ ಅರ್ಧ ಮಂದಿ ಆ ಕಾಲ ಕಂಡವರು. ಒಂದು ಇಸವಿ ತಪ್ಪಿದರೆ ಅಲ್ಲಿಂದ ಮುಂದಿನ ಮಾತನ್ನು ಅವರು ಅನುಮಾನದಿಂದಲೇ ಕೇಳುತ್ತಾರೆ. ನನ್ನ ಭಾಷಣದಲ್ಲಂತೂ ಒಂದೂ ಇಸವಿ ಇಡಲಿಲ್ಲ. ಸೇವಾ ವಿವರವನ್ನು ನಿರೂಪಕರು ಓದುತ್ತಾರೆ, ಅದನ್ನು ಮತ್ತೆ ಹೇಳಿದರೆ ಮೂವತ್ತು ಪದ ವ್ಯರ್ಥ.

ವಹಿಯ ವಿಷಯ ಹೇಳಲು ಮಾಸ್ತರ್ರ ಹೆಂಡತಿ ಅಮ್ಮಾರ ಒಪ್ಪಿಗೆ ಕೇಳಿದೆ. ವಹಿಯನ್ನೇ ಕೈಯಲ್ಲಿ ಹಿಡಿದು ಒಂದು ಪುಟ ಓದಿ ಎಂದು ಗೆಳೆಯರು ಸೂಚಿಸಿದ್ದರು, ಅದು ಬೇಡವೆಂದೆ. ಅದರಲ್ಲಿ ಯಾವ ಮನೆ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡಿತ್ತು ಎಂಬುದೂ ಇದೆ, ಆ ಮನೆಯವರು ಸಭೆಯಲ್ಲೇ ಕೂತಿರುತ್ತಾರೆ. ಮಾಸ್ತರ್ರು ಗುಟ್ಟಾಗಿ ಇಟ್ಟದ್ದನ್ನು ಅವರ ಭಾವಚಿತ್ರದ ಮುಂದೆ ನಿಂತು ಓದುವುದು ಸಲ್ಲ.

ಬರೆಯುವಾಗ “ಶಿಸ್ತಿನ ಸಿಪಾಯಿ”, “ತುಂಬಲಾರದ ನಷ್ಟ”, “ಬಡವರ ಬಂಧು” ಇಂಥವನ್ನು ಒಂದೊಂದಾಗಿ ಹೊಡೆದು ಹಾಕಿದೆ. ಆ ಜಾಗದಲ್ಲಿ ಮಾಸ್ತರ್ರು ಮಾಡುತ್ತಿದ್ದ ಒಂದು ಕೆಲಸವನ್ನು ಬರೆದೆ. ನಡುವಿನ ಭಾಗ ಕೊನೆಗೆ ಹೀಗೆ ನಿಂತಿತು:

“ದೀಪಾವಳಿ ಮುಗಿದ ಮೇಲೆ ನಮ್ಮ ಓಣಿಗಳಲ್ಲಿ ಗಂಟು ಕಟ್ಟುವ ಸದ್ದು ಕೇಳುತ್ತಿತ್ತು. ಆ ಸದ್ದು ಕೇಳಿದ ಮನೆಗೆ ಮಾಸ್ತರ್ರು ಬರುತ್ತಿದ್ದರು. ಒಳಗೆ ಕರೆದರೂ ಬರುತ್ತಿರಲಿಲ್ಲ, ಕಟ್ಟೆಯ ಮೇಲೆ ಕೂರುತ್ತಿದ್ದರು. ಹೋಗಬ್ಯಾಡ್ರಿ ಎಂದು ಒಮ್ಮೆಯೂ ಅನ್ನಲಿಲ್ಲ. ಹೋಗದಿದ್ದರೆ ಒಲೆ ಉರಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹುಡುಗನ್ನ ಬಿಟ್ಟು ಹೋಗ್ರಿ ಅನ್ನುತ್ತಿದ್ದರು. ಮುದುಕಿಗೆ ಜ್ವರ ಬಂದರೆ ಏನು, ಹುಡುಗನಿಗೆ ಬಟ್ಟೆ ಯಾರು ಒಗೆಯಬೇಕು, ಎಲ್ಲ ಕೇಳಿ ತಮ್ಮ ವಹಿಯಲ್ಲಿ ಬರೆದುಕೊಂಡು ಏಳುತ್ತಿದ್ದರು.”

ಇದರಲ್ಲಿ “ಹೋಗಬ್ಯಾಡ್ರಿ ಎಂದು ಒಮ್ಮೆಯೂ ಅನ್ನಲಿಲ್ಲ” ಎಂಬ ವಾಕ್ಯಕ್ಕೇ ಅತಿ ಹೆಚ್ಚು ಹೊತ್ತು ಹಿಡಿಯಿತು. ಮೊದಲ ಕರಡಿನಲ್ಲಿ ಮಾಸ್ತರ್ರು ಪಾಲಕರಿಗೆ ತಿಳಿಹೇಳಿದರು ಎಂದಿತ್ತು. ಹಾಗೆ ಬರೆದರೆ ಪಾಲಕರು ತಿಳಿಗೇಡಿಗಳಾಗುತ್ತಾರೆ. ಗುರುವನ್ನು ಎತ್ತಲು ಹೋಗಿ ಎದುರು ಕೂತವರ ತಂದೆತಾಯಿಯನ್ನು ಇಳಿಸುವ ತಪ್ಪು ಇಂಥ ಭಾಷಣಗಳಲ್ಲಿ ಗೊತ್ತಿಲ್ಲದೆ ಆಗುತ್ತದೆ. ಗುರುತಿಸುವ ದಾರಿ ಒಂದೇ: ಅದೇ ವಾಕ್ಯವನ್ನು ಆ ಪಾಲಕರ ಮುಖ ನೋಡುತ್ತ ಹೇಳಬಲ್ಲೆನೇ ಎಂದು ಕೇಳಿಕೊಳ್ಳುವುದು.

ಸಾವಿಗೆ ಬಳಸುವ ಶಬ್ದವನ್ನು ಮನೆಯವರಿಂದಲೇ ಕೇಳಿ ತಿಳಿಯಬೇಕು. ಲಿಂಗಾಯತರ ಮನೆಯಲ್ಲಿ ಲಿಂಗೈಕ್ಯರಾದರು ಎನ್ನುತ್ತಾರೆ, ಬೇರೆ ಮನೆಗಳಲ್ಲಿ ಅವರವರ ಮಾತಿದೆ. ಎಲ್ಲ ಸಮುದಾಯದವರೂ ಸೇರುವ ಶಾಲೆಯ ಸಭೆಗೆ “ನಮ್ಮನ್ನು ಅಗಲಿದರು” ಸಾಕೆನಿಸಿತು. ಕಾಯಿಲೆ, ಆಸ್ಪತ್ರೆ, ಕೊನೆಯ ದಿನಗಳು ಒಂದು ಸಾಲೂ ಬೇಡ. ಮನೆಯವರು ಅದನ್ನೆಲ್ಲ ಈಗಷ್ಟೇ ಕಣ್ಣಾರೆ ಕಂಡಿದ್ದಾರೆ.

ಮುಕ್ತಾಯಕ್ಕೆ ಒಂದು ಯೋಚನೆ ಬಂದಿತ್ತು: ಎಲ್ಲ ಹಳೆಯ ವಿದ್ಯಾರ್ಥಿಗಳೂ ಎದ್ದು “ಹಾಜರ್ ಸರ್” ಅನ್ನುವುದು. ಬಿಟ್ಟೆ. ಮೊದಲೇ ಹೇಳಿಕೊಡದಿದ್ದರೆ ನಾಲ್ಕೇ ದನಿ ಏಳುತ್ತವೆ, ಹೇಳಿಕೊಟ್ಟರೆ ನಾಟಕವಾಗುತ್ತದೆ. ಬದಲಿಗೆ ಭಾವಚಿತ್ರದ ಕಡೆ ತಿರುಗದೆ, ಅಮ್ಮಾರ ಕಡೆ ನೋಡಿ ಹೇಳುವಂತೆ ಎರಡು ಸಾಲು ಬರೆದೆ: “ಅಮ್ಮಾರೇ, ಆ ವಹಿ ಹಿಡಿದು ಮಾಸ್ತರ್ರು ಮನೆಗೆ ತಡವಾಗಿ ಬಂದ ಸಂಜೆಗಳು ನಿಮ್ಮವು. ಅವನ್ನು ನಮಗೆ ಕೊಟ್ಟಿರಿ.” ಭಾವಚಿತ್ರದ ಕಡೆ ತಿರುಗಿದರೆ ಬಾಯಿ ಮೈಕಿನಿಂದ ಆಚೆ ಹೋಗಿ ಕೊನೆಯ ಮಾತೇ ಕೇಳಿಸುವುದಿಲ್ಲ ಎಂಬುದೂ ಒಂದು ಕಾರಣ.

ಗಂಟಲು ಕಟ್ಟುವ ಜಾಗ ಯಾವುದೆಂದು ಗಟ್ಟಿಯಾಗಿ ಓದಿದಾಗಲೇ ಗೊತ್ತಾಗುತ್ತದೆ. ಮನಸ್ಸಿನಲ್ಲಿ ಓದಿದರೆ ಗೊತ್ತಾಗುವುದಿಲ್ಲ. ನನಗೆ ಅದು “ಮುದುಕಿಗೆ ಜ್ವರ” ಎಂಬಲ್ಲಿತ್ತು. ಅಲ್ಲಿ ಕಾಗದದ ಮೇಲೆ ಒಂದು ಅಡ್ಡಗೆರೆ ಎಳೆದೆ: ನಿಲ್ಲು, ಉಸಿರು ಬಿಡು, ಸಾಲನ್ನು ಮೊದಲಿನಿಂದ ಓದು. ಅಕ್ಷರ ದಪ್ಪಗೆ, ಸಾಲಿಗೆ ಆರೇಳು ಪದ, ಒಂದೇ ಮಗ್ಗುಲಿಗೆ ಬರೆದದ್ದು, ಪುಟಕ್ಕೆ ಸಂಖ್ಯೆ. ಫೋನ್ ನೋಡಿ ಓದಬಾರದು. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ನಡುವೆ ಕರೆಯೂ ಬರಬಹುದು.

ಸಭೆ ಮುಗಿದ ಮೇಲೆ ಆ ಹಾಳೆಗಳನ್ನು ಚೊಕ್ಕವಾಗಿ ಮತ್ತೆ ಬರೆದು, ಕೆಳಗೆ ನೆನಪು ಕೊಟ್ಟ ಆರು ಮಂದಿಯ ಹೆಸರು ಹಾಕಿ, ಅಮ್ಮಾರಿಗೆ ಕೊಟ್ಟೆ. ಮುಂದಿನ ಸಾಲಿನಲ್ಲಿ ಕೂತವರಿಗೆ ಆ ದಿನ ಮಾತು ಅರ್ಧವೂ ಕಿವಿಗೆ ಬಿದ್ದಿರುವುದಿಲ್ಲ.