ಗುಂಪು ವರದಿಯ ಅಂಕ: ಒಬ್ಬೊಬ್ಬರ ಪಾಲನ್ನು ಲೆಕ್ಕ ಹಾಕುವುದು ಹೇಗೆ?

ನಾಲ್ವರು ಸೇರಿ ಬರೆದ ವರದಿಗೆ ಎಲ್ಲರಿಗೂ ಒಂದೇ ಅಂಕ ಕೊಟ್ಟರೆ ದುಡಿದವರಿಗೆ ಅನ್ಯಾಯವಾಗುತ್ತದೆ. ಯಾರು ಎಷ್ಟು ಮಾಡಿದರು ಅನ್ನೋದು ಗುಂಪಿನವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಅವರಿಂದಲೇ ಫಾರ್ಮ್ ತುಂಬಿಸಿಕೊಂಡು ಅದನ್ನು ಅಂಕಕ್ಕೆ ಇಳಿಸಬಹುದು.

ಮೊದಲು ವರದಿ ಓದಿ ಅಂಕ ಹಾಕಿ. ಫಾರ್ಮ್ ಆಮೇಲೆ ತೆರೆಯಿರಿ. ಇಲ್ಲದಿದ್ದರೆ ಒಳಗಿನ ಜಗಳ ವರದಿಯ ಅಂಕಕ್ಕೂ ತಟ್ಟುತ್ತದೆ. ಇಲ್ಲಿ ವರದಿಗೆ 100ಕ್ಕೆ 70 ಬಂದಿದೆ ಎಂದುಕೊಳ್ಳಿ.

ಫಾರ್ಮಿನಲ್ಲಿ ಕಣ್ಣಿಗೆ ಕಂಡ ಕೆಲಸವನ್ನೇ ಕೇಳಿ. ಒಪ್ಪಿಕೊಂಡ ಭಾಗವನ್ನು ಹೇಳಿದ ದಿನ ಕೊಟ್ಟರಾ? ಮಾಹಿತಿ ಕಲೆಹಾಕಿದರಾ? ಕರಡು ಬರೆದರಾ? ಬೇರೆಯವರ ಭಾಗ ತಿದ್ದಿದರಾ? ಒಂದೊಂದಕ್ಕೆ 5 ಅಂಕ, ಜೊತೆಗೆ ಒಂದು ಸಾಲಿನ ಕಾರಣ. ‘ಒಳ್ಳೆಯ ಸದಸ್ಯರಾ?’ ಎಂದು ಕೇಳಿದರೆ ಸ್ನೇಹಕ್ಕೆ ಅಂಕ ಬೀಳುತ್ತದೆ, ಅಲ್ವಾ? ತಮಗೆ ತಾವೇ ಅಂಕ ಕೊಟ್ಟುಕೊಳ್ಳುವುದು ಬೇಡ.

ಫಾರ್ಮುಗಳು ಹೀಗೆ ಬಂದವು:

ಎ ಕೊಟ್ಟಿದ್ದು: ಬಿಗೆ 16, ಸಿಗೆ 16, ಡಿಗೆ 8
ಬಿ ಕೊಟ್ಟಿದ್ದು: ಎಗೆ 20, ಸಿಗೆ 18, ಡಿಗೆ 12
ಸಿ ಕೊಟ್ಟಿದ್ದು: ಎಗೆ 12, ಬಿಗೆ 12, ಡಿಗೆ 6
ಡಿ ಕೊಟ್ಟಿದ್ದು: ಮೂವರಿಗೂ 15

ಇವನ್ನು ಸುಮ್ನೆ ಕೂಡಿಸಬೇಡಿ. ಕೂಡಿಸಿದರೆ ಎಗೆ 47, ಬಿಗೆ 43 ಆಗುತ್ತದೆ. ಆದರೆ ಇಬ್ಬರನ್ನೂ ನೋಡಿದ ಸಿ ಮತ್ತು ಡಿ ಇಬ್ಬರಿಗೂ ಸಮವಾಗಿಯೇ ಕೊಟ್ಟಿದ್ದಾರೆ. ಬಿ ಕೈಬಿಚ್ಚಿ ಅಂಕ ಕೊಡುವವರು, ಅದರ ಲಾಭ ಎಗೆ ಸಿಕ್ಕಿದೆ, ಅಷ್ಟೇ. ಅದಕ್ಕೆ ಪ್ರತಿ ಅಂಕವನ್ನೂ ಕೊಟ್ಟವರ ಒಟ್ಟು ಮೊತ್ತದಿಂದ ಭಾಗಿಸಿ. ಎ ಒಟ್ಟು 40 ಕೊಟ್ಟಿದ್ದಾರೆ, ಹಾಗಾಗಿ ಬಿಯ 16 ಅಂದರೆ 0.40. ಬಿ ಒಟ್ಟು 50 ಕೊಟ್ಟಿದ್ದಾರೆ, ಎಯ 20 ಕೂಡ 0.40. ಈಗ ಒಬ್ಬೊಬ್ಬರಿಗೆ ಬಂದ ಪಾಲು ಕೂಡಿಸಿ: ಎ 1.13, ಬಿ 1.13, ಸಿ 1.09, ಡಿ 0.64. ಎಲ್ಲರೂ ಸಮ ದುಡಿದಿದ್ದರೆ ತಲಾ 1 ಬರುತ್ತಿತ್ತು.

ಇಡೀ 70ನ್ನು ಈ ಸಂಖ್ಯೆಯಿಂದ ಗುಣಿಸಿದರೆ ಡಿಗೆ ಸಿಗುವುದು 45ರ ಹತ್ತಿರ. ಅದು ಜಾಸ್ತಿ ಕಠಿಣ ಅನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಫಾರ್ಮ್ ಎಂಬ ಅಳತೆಗೋಲು ಅಷ್ಟು ನಿಖರವಲ್ಲ. ಅರ್ಧ ಅಂಕ ಎಲ್ಲರಿಗೂ ಸಮ ಇರಲಿ, ಉಳಿದರ್ಧ ಮಾತ್ರ ಗುಣಿಸಿ. ಡಿಗೆ 35 ಮತ್ತು 22.4 ಸೇರಿ 57.4. ಎಗೆ 74.7.

ಡಿ ಫಾರ್ಮನ್ನೇ ಕೊಡದಿದ್ದರೆ? ಮೂರೇ ಫಾರ್ಮುಗಳ ಪಾಲನ್ನು ಕೂಡಿಸಿ, ಸರಾಸರಿ 1 ಆಗಲಿ ಎಂದು 4/3ರಿಂದ ಗುಣಿಸುವವರಿದ್ದಾರೆ. ಇಲ್ಲೇ ಎಡವಟ್ಟು. ಡಿಗೆ ಮೂವರಿಂದ ಪಾಲು ಬಂದಿದೆ, ಉಳಿದವರಿಗೆ ಇಬ್ಬರಿಂದ ಮಾತ್ರ. ಹಾಗಾಗಿ ಡಿಯ ಸಂಖ್ಯೆ 0.85ಕ್ಕೆ ಏರಿ, ಅಂಕ ಸುಮಾರು 65 ಆಗುತ್ತದೆ. ಫಾರ್ಮ್ ಕೊಡದೇ ಇದ್ದಿದ್ದಕ್ಕೆ ಲಾಭ! ಬಾರದ ಫಾರ್ಮಿನ ಜಾಗದಲ್ಲಿ ಉಳಿದ ಮೂವರಿಗೂ ಸಮಪಾಲು, ಅಂದರೆ ತಲಾ 1/3 ತುಂಬಿಸಿ. ಆಗ ಡಿ 0.64ರಲ್ಲೇ ನಿಲ್ಲುತ್ತಾರೆ.

ಕೊನೆಗೆ ಕಾರಣಗಳನ್ನು ಓದಿ. ಮೂವರೂ ಬೇರೆ ಬೇರೆ ಮಾತಿನಲ್ಲಿ ‘ಎರಡನೇ ಭಾಗದ ಕರಡು ಬರಲೇ ಇಲ್ಲ’ ಎಂದಿದ್ದರೆ ನಂಬಬಹುದು. ಅಂಕ ಕಡಿಮೆಯಿದ್ದು ಕಾರಣದ ಜಾಗ ಖಾಲಿಯಿದ್ದರೆ, ಅಥವಾ ಎಲ್ಲರದ್ದೂ ಒಂದೇ ಒಕ್ಕಣೆ ಇದ್ದರೆ, ಗುಂಪುಗಟ್ಟಿರುವ ಸಾಧ್ಯತೆ ಇದೆ. ಆಗ ಕರಡಿನ ಹಳೆಯ ಆವೃತ್ತಿಗಳನ್ನು ತರಿಸಿ, ಯಾರು ಏನು ಬರೆದರು ಎಂದು ನೋಡಿ. ಆರೋಪ ಸುಳ್ಳಾಗಿದ್ದರೆ ಆ ಫಾರ್ಮನ್ನೂ ಸಮಪಾಲಿಗೆ ಬದಲಿಸಿ ಲೆಕ್ಕ ಮತ್ತೆ ಹಾಕಿ.