ಪುಸ್ತಕದ ಲಾಭ, ತೆರಿಗೆಯ ಲಾಭ: ಡಿಫರ್ಡ್ ಟ್ಯಾಕ್ಸ್ ಲೆಕ್ಕ ನಾನು ಮಾಡುವ ರೀತಿ

ಪೀಣ್ಯದ ಒಂದು ಸಣ್ಣ ಮಷಿನಿಂಗ್ ಕಂಪನಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಪ್ರತಿ ವರ್ಷ ಬ್ಯಾಲೆನ್ಸ್ ಶೀಟ್ ಸಹಿಗೆ ಹೋದಾಗ ಮಾಲೀಕರು ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ: "ಅಲ್ರೀ, ಟ್ಯಾಕ್ಸ್ ಕಟ್ಟೋದು ಕಟ್ಟಿಯಾಯ್ತಲ್ವಾ? ಈ ಡಿಫರ್ಡ್ ಟ್ಯಾಕ್ಸ್ ಯಾರಿಗೆ ಕಟ್ಬೇಕು?" ಯಾರಿಗೂ ಕಟ್ಟಬೇಕಿಲ್ಲ. ಆದರೂ ಬರೆಯದಿದ್ದರೆ ಆ ವರ್ಷದ ಲಾಭ ತಪ್ಪಾಗಿ ಕಾಣುತ್ತದೆ. ಯಾಕೆ ಅನ್ನುವುದನ್ನು 2023-24ರ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ. ಹಳೆಯ ಬಾಕಿಗಳನ್ನೆಲ್ಲ ಬಿಟ್ಟು, ಅಂಕಿಗಳನ್ನು ಸರಳ ಮಾಡಿದ್ದೇನೆ. ಸೆಕ್ಷನ್ ನಂಬರುಗಳು 1961ರ ಆದಾಯ ತೆರಿಗೆ ಕಾಯ್ದೆಯವು. ನಮ್ಮ ಕಂಪನಿ ಕಡಿಮೆ ದರದ ಸೆಕ್ಷನ್ 115ಬಿಎಎ ಆರಿಸಿಕೊಂಡಿದೆ. ಹಾಗಾಗಿ ದರ 22%, ಅದರ ಮೇಲೆ 10% ಸರ್ಚಾರ್ಜ್, 4% ಸೆಸ್, ಒಟ್ಟು 25.168%.

ಆ ವರ್ಷ ಪುಸ್ತಕದ ಲಾಭ 80 ಲಕ್ಷ. ಏಪ್ರಿಲ್‌ನಲ್ಲೇ 60 ಲಕ್ಷದ ಒಂದು ಸಿಎನ್‌ಸಿ ಮಷಿನ್ ಬಂದು ಕೆಲಸ ಶುರು ಮಾಡಿತ್ತು. ಕಂಪನಿ ಕಾಯ್ದೆಯ ಶೆಡ್ಯೂಲ್ 2ರ ಪ್ರಕಾರ ಅದರ ಆಯುಸ್ಸು 15 ವರ್ಷ. 5% ಗುಜರಿ ಬೆಲೆ ಬಿಟ್ಟು ಸಮನಾಗಿ ಹಂಚಿದರೆ ವರ್ಷಕ್ಕೆ 3.80 ಲಕ್ಷ ಡೆಪ್ರಿಸಿಯೇಷನ್. ಇದು ಒಂದೇ ಶಿಫ್ಟ್ ಓಡಿಸುವವರಿಗೆ. ಎರಡು ಶಿಫ್ಟ್ ಓಡಿಸಿದರೆ ಆ ದಿನಗಳ ಮಟ್ಟಿಗೆ ಒಂದೂವರೆ ಪಟ್ಟು ಆಗುತ್ತದೆ. ತೆರಿಗೆ ಕಾಯ್ದೆ ಈ ಆಯುಸ್ಸನ್ನು ಕೇಳುವುದೇ ಇಲ್ಲ. ಉಳಿದ ಬೆಲೆಯ ಮೇಲೆ 15% ಕೊಡುತ್ತದೆ, ಅಂದರೆ ಮೊದಲ ವರ್ಷ 9 ಲಕ್ಷ.

ಈ 5.20 ಲಕ್ಷದ ವ್ಯತ್ಯಾಸದಿಂದ ಈ ವರ್ಷ ತೆರಿಗೆ ಕಡಿಮೆ ಬಂತು. ಆದರೆ ಅದು ಉಳಿತಾಯ ಅಲ್ಲ, ಸುಮ್ನೆ ಮುಂದಕ್ಕೆ ಹೋಗಿದೆ ಅಷ್ಟೇ. ತೆರಿಗೆಯ ಡೆಪ್ರಿಸಿಯೇಷನ್ ವರ್ಷವರ್ಷ ಇಳಿಯುತ್ತದೆ, ಪುಸ್ತಕದ್ದು 3.80ರಲ್ಲೇ ನಿಲ್ಲುತ್ತದೆ. ಆರನೇ ವರ್ಷ ತೆರಿಗೆಯದು ಸುಮಾರು 3.99 ಲಕ್ಷ, ಏಳನೇ ವರ್ಷ 3.39 ಲಕ್ಷ. ಅಲ್ಲಿಂದ ಚಕ್ರ ತಿರುಗುತ್ತದೆ, ಮುಂದೂಡಿದ ತೆರಿಗೆಯನ್ನು ಕಟ್ಟಲು ಶುರು ಮಾಡುತ್ತೇವೆ. ಅದಕ್ಕೇ ಇವತ್ತೇ 5.20 ಲಕ್ಷದ 25.168%, ಅಂದರೆ 1,30,874 ರೂಪಾಯಿಯನ್ನು ಡಿಫರ್ಡ್ ಟ್ಯಾಕ್ಸ್ ಲಯಬಿಲಿಟಿ ಅಂತ ಬರೆದಿಡುತ್ತೇನೆ.

ಇನ್ನೆರಡು ಬಾಬ್ತುಗಳು ಉಲ್ಟಾ ದಿಕ್ಕಿನವು. ಗ್ರ್ಯಾಚುಟಿಗೆ 6 ಲಕ್ಷ ಪ್ರಾವಿಷನ್ ಮಾಡಿದ್ದೆವು. ನಮ್ಮಲ್ಲಿ ಮಾನ್ಯತೆ ಪಡೆದ ಗ್ರ್ಯಾಚುಟಿ ಫಂಡ್ ಇಲ್ಲ. ಆದ್ದರಿಂದ ಕೆಲಸಗಾರರಿಗೆ ನಿಜವಾಗಿ ಕೊಟ್ಟಾಗ ಮಾತ್ರ ಅದು ಖರ್ಚು. ಎರಡನೆಯದು ಸಣ್ಣ ಸಪ್ಲೈಯರ್‌ಗಳ ಬಾಕಿ, 4 ಲಕ್ಷ. 43ಬಿ(ಎಚ್) ಜಾರಿಗೆ ಬಂದ ಮೊದಲ ವರ್ಷ ಅದು. ಮೈಕ್ರೋ ಅಥವಾ ಸ್ಮಾಲ್ ಸಪ್ಲೈಯರ್‌ಗೆ ಬರಹದ ಒಪ್ಪಂದ ಇದ್ದರೆ ಅದರಲ್ಲಿರುವ ಗಡುವಿನೊಳಗೆ, ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ಗಡುವು ಮೀರಿ, ಮಾರ್ಚ್ 31ಕ್ಕೂ ಬಾಕಿ ಉಳಿದರೆ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಸಿಗುತ್ತದೆ.

ಇಲ್ಲಿ ಪಟ್ಟಿ ಮಾಡುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಮಾರ್ಚ್ 31ರ ಕ್ರೆಡಿಟರ್ಸ್ ಬಾಕಿಯನ್ನು ಇಡಿಯಾಗಿ ಎತ್ತಿ ಹಾಕಿಬಿಡುತ್ತಾರೆ. ಮಾರ್ಚ್ 25ಕ್ಕೆ ಮಾಲು ತಗೊಂಡು, ಗಡುವಿನೊಳಗೆ ಏಪ್ರಿಲ್‌ನಲ್ಲಿ ಕೊಟ್ಟ ಬಿಲ್ ಇದರಲ್ಲಿ ಬರಲೇಬಾರದು. ನಾನು ಪ್ರತಿ ಸಪ್ಲೈಯರ್‌ನ ಉದ್ಯಮ್ ಸರ್ಟಿಫಿಕೇಟ್ ತರಿಸಿ, ಮೀಡಿಯಂ ಆದವರನ್ನು ತೆಗೆದು, ಉಳಿದವರ ಒಂದೊಂದು ಬಿಲ್ಲಿನ ಮುಂದೆಯೂ ಗಡುವಿನ ತಾರೀಖು ಮತ್ತು ದುಡ್ಡು ಕೊಟ್ಟ ತಾರೀಖು ಬರೆಸುತ್ತೇನೆ. ಬೇಸರದ ಕೆಲಸ ನಿಜ. ಆದರೆ ಅಷ್ಟು ಮಾಡಿದ ಮೇಲೆ ಉಳಿಯುವ ಮೊತ್ತವನ್ನು ಯಾರ ಮುಂದೆ ಬೇಕಾದರೂ ಇಡಬಹುದು.

ಗ್ರ್ಯಾಚುಟಿ ಮತ್ತು ಈ ಬಾಕಿ ಸೇರಿ 10 ಲಕ್ಷ. ಈ ವರ್ಷ ಅದರ ಮೇಲೆ ತೆರಿಗೆ ಕಟ್ಟುತ್ತೇವೆ, ಮುಂದೆ ದುಡ್ಡು ಕೊಟ್ಟ ವರ್ಷ ಅದನ್ನು ಖರ್ಚಾಗಿ ಕಳೆಯುತ್ತೇವೆ. 2,51,680 ರೂಪಾಯಿ ಡಿಫರ್ಡ್ ಟ್ಯಾಕ್ಸ್ ಅಸೆಟ್. ಲಯಬಿಲಿಟಿ ಕಳೆದರೆ ನಿವ್ವಳ 1,20,806 ಅಸೆಟ್. ಇವುಗಳ ಜೊತೆ 50 ಸಾವಿರದ ಒಂದು ದಂಡವೂ ಇತ್ತು. ಅದು ಯಾವ ವರ್ಷದಲ್ಲೂ ಖರ್ಚಾಗಿ ಸಿಗುವುದಿಲ್ಲ, ಹಾಗಾಗಿ ಅದಕ್ಕೆ ಡಿಫರ್ಡ್ ಟ್ಯಾಕ್ಸ್ ಇಲ್ಲ.

ಈಗ ತಾಳೆ ನೋಡೋಣ. ಈ ಹೆಜ್ಜೆ ಇಲ್ಲದೆ ನಾನು ಫೈಲ್ ಮುಚ್ಚುವುದಿಲ್ಲ. ತೆರಿಗೆಯ ಲಾಭ 80ಕ್ಕೆ 3.80 ಕೂಡಿಸಿ, 9 ಕಳೆದು, 10 ಮತ್ತು 0.50 ಕೂಡಿಸಿದರೆ 85.30 ಲಕ್ಷ. ಅದರ ತೆರಿಗೆ 21,46,830. ಡಿಫರ್ಡ್ ಟ್ಯಾಕ್ಸ್ ಕಳೆದರೆ ಪಿ ಅಂಡ್ ಎಲ್‌ನಲ್ಲಿ ಬರುವ ತೆರಿಗೆ ಖರ್ಚು 20,26,024. ಇನ್ನೊಂದು ದಾರಿಯಿಂದ ಬನ್ನಿ: ಪುಸ್ತಕದ ಲಾಭ 80 ಲಕ್ಷಕ್ಕೆ ದಂಡದ 50 ಸಾವಿರ ಮಾತ್ರ ಸೇರಿಸಿ, 80.50 ಲಕ್ಷದ ಮೇಲೆ 25.168% ಹಾಕಿ. ಅದೇ 20,26,024. ಎರಡೂ ಒಂದೇ ಬರದಿದ್ದರೆ ಯಾವುದೋ ಬಾಬ್ತು ಬಿಟ್ಟುಹೋಗಿದೆ, ಇಲ್ಲವೇ ಎಂದೂ ಸಿಗದ ಖರ್ಚನ್ನು ಮುಂದೆ ಸಿಗುವುದೆಂದು ಹಿಡಿದಿದ್ದೇವೆ ಅಂತ ಅರ್ಥ.

ಮುಂದಿನ ವರ್ಷಗಳಲ್ಲಿ ಇದನ್ನು ಬರೀ ಆಯಾ ವರ್ಷದ ಡೆಪ್ರಿಸಿಯೇಷನ್ ವ್ಯತ್ಯಾಸದಿಂದ ಮಾಡಬೇಡಿ. ಎರಡೂ ಕಡೆಯ ಉಳಿದ ಬೆಲೆಯನ್ನು ಅಕ್ಕಪಕ್ಕ ಇಟ್ಟು ನೋಡಿ. ಕಾರಣ ಹೇಳುತ್ತೇನೆ. ಪುಸ್ತಕದಲ್ಲಿ 1 ಲಕ್ಷ ಉಳಿದಿದ್ದ ಹಳೇ ಲೇತ್ ಒಂದನ್ನು 3 ಲಕ್ಷಕ್ಕೆ ಮಾರಿದೆವು ಅಂದುಕೊಳ್ಳಿ. ಪುಸ್ತಕದಲ್ಲಿ 2 ಲಕ್ಷ ಲಾಭ. ತೆರಿಗೆಯಲ್ಲಿ ಒಂದೊಂದು ಮಷಿನ್‌ಗೆ ಬೇರೆ ಲೆಕ್ಕ ಇಲ್ಲ, ಎಲ್ಲ ಒಂದು ಬ್ಲಾಕ್. ಬ್ಲಾಕ್‌ನಿಂದ 3 ಲಕ್ಷ ಇಳಿಯುತ್ತದೆ, ಲಾಭ ಅಂತ ಏನೂ ಬರುವುದಿಲ್ಲ. ಡೆಪ್ರಿಸಿಯೇಷನ್ ಮಾತ್ರ ಹೋಲಿಸುವವರಿಗೆ ಈ 2 ಲಕ್ಷ ಕಣ್ಣಿಗೇ ಬೀಳುವುದಿಲ್ಲ. ಉಳಿದ ಬೆಲೆ ಹೋಲಿಸುವವರಿಗೆ ತಾನಾಗೇ ಸಿಗುತ್ತದೆ: ಒಂದು ಕಡೆ 1 ಇಳಿಯಿತು, ಇನ್ನೊಂದು ಕಡೆ 3 ಇಳಿಯಿತು, ಲಯಬಿಲಿಟಿ 50,336 ರೂಪಾಯಿ ಏರಿತು.

ಇದುವರೆಗೆ ಲಾಭದ ಕಂಪನಿಯ ಮಾತು. ನಷ್ಟದಲ್ಲಿರುವ ಇನ್ನೊಂದು ಕಂಪನಿಯ ಲೆಕ್ಕ ನನ್ನ ಕೈಗೆ ಬಂದಾಗ ನಾನು ತುಂಬಾ ಬಿಗಿಯಾಗಿದ್ದೆ. ಅಕೌಂಟಿಂಗ್ ಸ್ಟ್ಯಾಂಡರ್ಡ್ 22ರ ಪ್ರಕಾರ ಮುಂದಕ್ಕೆ ಒಯ್ಯುವ ನಷ್ಟ ಅಥವಾ ಕಳೆಯಲು ಲಾಭ ಸಾಲದೆ ಉಳಿದ ಡೆಪ್ರಿಸಿಯೇಷನ್ ಮೇಲೆ ಅಸೆಟ್ ಬರೆಯಬೇಕಾದರೆ ಮುಂದೆ ಲಾಭ ಬಂದೇ ಬರುತ್ತದೆ ಅನ್ನುವಷ್ಟು ಖಾತ್ರಿ ಬೇಕು, ಅದಕ್ಕೆ ಪುರಾವೆಯೂ ಬೇಕು. ನಿರ್ದೇಶಕರು ಐದು ವರ್ಷದ ಪ್ರೊಜೆಕ್ಷನ್ ತಂದಿಟ್ಟು, "ಬ್ಯಾಂಕಿನವರೇ ಒಪ್ಪಿದ್ದಾರೆ, ನೀವು ಯಾಕೆ ಒಪ್ಪಲ್ಲ?" ಅಂದರು. ನಾನು ಹೇಳಿದೆ: "ಸರ್, ಇದು ನಮ್ಮ ಅಂದಾಜು. ಲಾಭ ಬರುವಂಥ ಆರ್ಡರ್ ಕೈಯಲ್ಲಿದ್ದು, ರದ್ದು ಮಾಡಿದರೆ ದೊಡ್ಡ ಪರಿಹಾರ ಕೊಡಬೇಕು ಅಂತ ಬರೆದಿರೋ ಕರಾರು ಇದ್ದರೆ ಕೊಡಿ, ಅದು ಪುರಾವೆ."

ಅಂಥ ಕರಾರು ಇರಲಿಲ್ಲ. ಆದರೆ ಡೆಪ್ರಿಸಿಯೇಷನ್‌ನ ಲಯಬಿಲಿಟಿ ಇತ್ತು. ಅದು ತಿರುಗುವ ವರ್ಷಗಳಲ್ಲಿ ಅಷ್ಟರ ಮಟ್ಟಿಗೆ ತೆರಿಗೆಯ ಆದಾಯ ಹುಟ್ಟುತ್ತದೆ. ಆ ಮೊತ್ತದವರೆಗೆ ಮಾತ್ರ ಅಸೆಟ್ ಬರೆದೆ, ಉಳಿದದ್ದನ್ನು ಬರೆಯಲಿಲ್ಲ. ವ್ಯವಹಾರದ ನಷ್ಟಕ್ಕೆ ಎಂಟು ವರ್ಷದ ಮಿತಿ ಇದೆ, ಉಳಿದ ಡೆಪ್ರಿಸಿಯೇಷನ್‌ಗೆ ಇಲ್ಲ. ಹಾಗಾಗಿ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ, ನಷ್ಟದ ಮುಂದೆ ಅದು ಮುಗಿಯುವ ವರ್ಷದ ಸಮೇತ ಬರೆದಿಟ್ಟಿದ್ದೇನೆ. ಪ್ರತಿ ಮಾರ್ಚ್ 31ಕ್ಕೆ ಆ ಹಾಳೆ ತೆಗೆದು, ಬಿಟ್ಟ ಅಸೆಟನ್ನು ಈಗ ಬರೆಯಬಹುದೇ ಅಂತ ಮತ್ತೆ ನೋಡಬೇಕು.